ಮನೆ ಕೇಕ್‌ನ ದರಪಟ್ಟಿ ಟೆಂಪ್ಲೇಟ್: ಒಂದೂವರೆ ವರ್ಷ ಬಳಸಿದ ಮೇಲೆ

ಬಳ್ಳಾರಿಯಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ. ವಾರಕ್ಕೆ ನಾಲ್ಕೈದು ಆರ್ಡರ್. ಒಂದೂವರೆ ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 249 ರೂಪಾಯಿ ಕೊಟ್ಟು ಒಂದು ದರಪಟ್ಟಿ ಟೆಂಪ್ಲೇಟ್ ತಗೊಂಡೆ. ಎ4 ಹಾಳೆ, ಮೇಲೆ ದರ, ಕೆಳಗೆ ಮುಂಗಡ ಮತ್ತು ರದ್ದತಿಯ ಷರತ್ತು. ನಮ್ಮ ವಿಷಯ ಬರೆದುಕೊಂಡು ಪ್ರಿಂಟ್ ತೆಗೆಸಿದರೆ ಆಯ್ತು ಅಂತ ಹೇಳಿದ್ದರು. ಅಷ್ಟು ಸಲೀಸಾಗಿ ಆಗಲಿಲ್ಲ.

ಟೆಂಪ್ಲೇಟ್ ಹೊರದೇಶದ ಲೆಕ್ಕದಲ್ಲಿತ್ತು. ಎಷ್ಟು ಇಂಚು, ಎಷ್ಟು ಜನಕ್ಕೆ ಅಂತ ದರ. ನಮ್ಮಲ್ಲಿ ಎಲ್ಲರೂ ಕೇಳುವುದು ಕೆಜಿ ಲೆಕ್ಕ, ಆಮೇಲೆ ಮೊಟ್ಟೆ ಹಾಕ್ತೀರೋ ಇಲ್ಲವೋ ಅಂತ. ಆ ಎರಡು ಕಾಲಂ ನಾನೇ ಹಾಕಿಕೊಂಡೆ. ಕೆಳಗಿದ್ದ ತೆರಿಗೆಯ ಸಾಲು ಅಳಿಸಿದೆ. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಇಲ್ಲದವರು ಆ ಹೆಸರಲ್ಲಿ ಹಣ ತಗೊಳ್ಳುವ ಹಾಗಿಲ್ಲ. ಅದರ ಚಂದದ ಅಕ್ಷರದಲ್ಲಿ ₹ ಗುರುತೇ ಇರಲಿಲ್ಲ, ಖಾಲಿ ಚೌಕ ಬರುತ್ತಿತ್ತು. ಪ್ರಿಂಟ್ ಅಂಗಡಿಯಲ್ಲಿ ಫೈಲ್ ತೆರೆದಾಗ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕಕ್ಕೆ ನಿಂತವು. ಪಿಡಿಎಫ್ ಮಾಡಿ ಒಯ್ದ ಮೇಲೆ ಸರಿಹೋಯಿತು. ಇವೆಲ್ಲ ಒಂದು ದಿನದ ಕಿರಿಕಿರಿ, ಬಿಡಿ.

ನಿಜವಾದ ತೊಂದರೆ ಇದ್ದದ್ದು ರದ್ದತಿಯ ಸಾಲಿನಲ್ಲಿ. ಅದನ್ನು ನಾನು ಕನ್ನಡಕ್ಕೆ ತಂದು ಹೀಗೆ ಬರೆದಿದ್ದೆ: '48 ಗಂಟೆಯೊಳಗೆ ರದ್ದು ಮಾಡಿದರೆ ಮುಂಗಡ ವಾಪಸ್ ಇಲ್ಲ.' ಓದಿದರೆ ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ನಾಲ್ಕು ತಿಂಗಳಾದ ಮೇಲೆ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಒಂದು ಆರ್ಡರ್ ಬಂತು. ಎರಡು ಅಂತಸ್ತಿನ 3 ಕೆಜಿ ಫಾಂಡೆಂಟ್ ಕೇಕ್, ಮೇಲೆ ಆನೆ, ಸಿಂಹ. ಕೆಜಿಗೆ 1,400ರಂತೆ 4,200 ರೂಪಾಯಿ. ಅರ್ಧ ಮುಂಗಡ, 2,100. ಕಾರ್ಯಕ್ರಮ ಭಾನುವಾರ ಸಂಜೆ 7ಕ್ಕೆ. ಶುಕ್ರವಾರ ರಾತ್ರಿ 10ಕ್ಕೆ ಫೋನ್ ಬಂತು. 'ಅಕ್ಕಾ, ಫಂಕ್ಷನ್ ಕ್ಯಾನ್ಸಲ್ ಆಗೈತಿ. ರೊಕ್ಕ ವಾಪಸ್ ಹಾಕ್ರಿ.'

ನಾನು ಷರತ್ತು ತೋರಿಸಿದೆ. ಭಾನುವಾರ ಸಂಜೆಗೆ ಇನ್ನು 45 ಗಂಟೆ ಇದೆ, 48ರ ಒಳಗೇ ಬಂತಲ್ಲ ಅಂದೆ. ಆಕೆ ಅದೇ ಸಾಲನ್ನು ನನಗೇ ಓದಿ ಹೇಳಿದಳು. 'ಆರ್ಡರ್ ಕೊಟ್ಟ 48 ಗಂಟೆಯೊಳಗೆ ರದ್ದು ಮಾಡಿದ್ರ ತಾನೇ ವಾಪಸ್ ಇಲ್ಲ? ನಾನು ಆರ್ಡರ್ ಕೊಟ್ಟು ಹನ್ನೆರಡು ದಿನ ಆತಲ್ರಿ.' ಮೊದಲು ಸಿಟ್ಟು ಬಂತು. ಆಮೇಲೆ ಹಾಳೆ ನೋಡಿದರೆ ಹಾಗೂ ಓದಬಹುದಿತ್ತು. ಯಾವಾಗಿಂದ 48 ಗಂಟೆ ಅಂತ ನಾನು ಬರೆದೇ ಇರಲಿಲ್ಲ.

ಜಗಳ ಬೇಡ ಅಂತ ಕೂತು ಲೆಕ್ಕ ಹಾಕಿದೆ. ಬುಧವಾರ, ಗುರುವಾರ ಸಂಜೆ ಬೊಂಬೆ ಮಾಡಿದ್ದೆ. ಬೊಂಬೆ ಗಟ್ಟಿಯಾಗಲು ಎರಡು ಮೂರು ದಿನ ಬೇಕು, ಅದಕ್ಕೇ ಮುಂಚೆ ಶುರು ಮಾಡುವುದು. ಫಾಂಡೆಂಟ್, ಬಣ್ಣ ಸೇರಿ 280 ರೂಪಾಯಿ. ಮಗುವಿನ ಹೆಸರಿನ ಟಾಪರ್ 220. ಎರಡು ಸಂಜೆಯ ಕೆಲಸಕ್ಕೆ 500 ಹಿಡಿದೆ. ಸ್ಪಂಜ್ ಬೇಯಿಸುವುದು ಶನಿವಾರ, ಕ್ರೀಮ್ ಬೀಟ್ ಮಾಡುವುದು ಭಾನುವಾರ. ಅವೆರಡೂ ಇನ್ನೂ ಶುರುವಾಗಿರಲಿಲ್ಲ. ಅಂದರೆ ನನಗೆ ಆದದ್ದು ಸಾವಿರ. ಉಳಿದ 1,100 ವಾಪಸ್ ಹಾಕಿದೆ. ನಿಜ ಹೇಳಬೇಕೆಂದರೆ ಆ ಆನೆ ಡಬ್ಬಿಯಲ್ಲಿ ಒಣಗಿ ಕೂತಿತ್ತು, ಎರಡು ತಿಂಗಳ ಮೇಲೆ ಬೇರೆ ಮಗುವಿನ ಕೇಕ್ ಏರಿತು. ಟಾಪರ್ ಮಾತ್ರ ಹೆಸರಿದ್ದರಿಂದ ಕಸಕ್ಕೆ ಹೋಯಿತು.

ಇದನ್ನು ನಮ್ಮ ಮಾವನ ಮಗನಿಗೆ ಹೇಳಿದೆ, ಅವನು ವಕೀಲ. 'ಪೂರ್ತಿ ವಾಪಸ್ ಇಲ್ಲ ಅಂತ ಬರೆದ ಮಾತ್ರಕ್ಕೆ ಪೂರ್ತಿ ನಿಂದೇ ಆಗಲ್ಲಕ್ಕ' ಅಂದ. 1872ರ ಒಪ್ಪಂದ ಕಾಯ್ದೆಯಲ್ಲಿ 74ನೇ ಕಲಂ ಇದೆಯಂತೆ. ಮಾತು ತಪ್ಪಿದವರು ಇಷ್ಟು ಕೊಡಬೇಕು ಅಂತ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ. ನಾನು ಕೂತು ಹಾಕಿದ ಲೆಕ್ಕವೇ ಹೆಚ್ಚುಕಮ್ಮಿ ಆ ದಾರಿಯಲ್ಲಿತ್ತು.

ಆಮೇಲೆ ಗಂಟೆ ಲೆಕ್ಕ ತೆಗೆದೇ ಹಾಕಿದೆ. ಈಗ ಖಾಲಿ ಜಾಗ ಬಿಟ್ಟಿದ್ದೇನೆ: 'ತಾರೀಖು ____, ರಾತ್ರಿ 8ರವರೆಗೆ ರದ್ದು ಮಾಡಿದರೆ ಮುಂಗಡ ಪೂರ್ತಿ ವಾಪಸ್.' ಪ್ರತಿ ಆರ್ಡರ್‌ಗೂ ಕ್ಯಾಲೆಂಡರ್ ನೋಡಿ ಪೆನ್ನಿಂದ ತಾರೀಖು ತುಂಬುತ್ತೇನೆ. ಬೊಂಬೆ ಇರುವ ಕೇಕ್‌ಗೆ ಅದು ಐದು ದಿನ ಮುಂಚಿನ ತಾರೀಖು. ಅದು ದಾಟಿದರೆ ಮುಂಗಡದಲ್ಲಿ ಅರ್ಧ ವಾಪಸ್. ಕೇಕ್ ಒಯ್ಯುವ ಹಿಂದಿನ ದಿನ ಮಧ್ಯಾಹ್ನ 12 ದಾಟಿದರೆ ಸ್ಪಂಜ್ ಓವನ್‌ಗೆ ಹೋಗಿರುತ್ತದೆ, ಆಗ ಏನೂ ವಾಪಸ್ ಇಲ್ಲ. ಬಾಕಿ ಹಣವನ್ನು ನಾನೂ ಕೇಳುವುದಿಲ್ಲ. ಸಾದಾ ಕ್ರೀಮ್ ಕೇಕ್‌ಗೆ ಈ ಮೂರು ಹಂತ ಬೇಡ, ಹಿಂದಿನ ದಿನದ ಗಡುವು ಒಂದೇ ಸಾಕು. ಹೆಸರಿನ ಟಾಪರ್ ಈಗ ಅರ್ಧ ವಾಪಸ್ ಸಿಗುವ ಹಂತ ದಾಟಿದ ಮೇಲೇ ತರಿಸುವುದು, ಆನೆ ಕಲಿಸಿದ ಪಾಠ.

ಟೆಂಪ್ಲೇಟ್‌ನಲ್ಲಿ ಇಲ್ಲದ ಎರಡು ಸಾಲು ಸೇರಿಸಿದೆ. ಒಂದು, ನಾನೇ ಕೊಡಲಾಗದಿದ್ದರೆ ಅವತ್ತೇ ಪೂರ್ತಿ ಹಣ ವಾಪಸ್. ಇನ್ನೊಂದು ಸೂತಕದ್ದು. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮುಂಗಡ ಕೊಡಲ್ಲ ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಅಂಥ ಹೊತ್ತಲ್ಲಿ ಕಡಿತ ಇಲ್ಲ, 90 ದಿನದೊಳಗೆ ಬೇರೆ ದಿನ ಇಟ್ಟುಕೊಳ್ಳಬಹುದು ಅಂತ ಬರೆದೆ. ಕಳೆದ ಶ್ರಾವಣದಲ್ಲಿ ಕೌಲ್ ಬಜಾರ್‌ನ ಒಬ್ಬರ ಮನೆಯ ತೊಟ್ಟಿಲ ಕಾರ್ಯ ಹಿಂದಿನ ದಿನವೇ ನಿಂತಿತು. ಸ್ಪಂಜ್ ಬೆಂದಾಗಿತ್ತು, ಅಕ್ಕಪಕ್ಕದ ಮನೆಗೆ ಹಂಚಿದೆ. ಒಂದೂವರೆ ತಿಂಗಳ ಮೇಲೆ ಅದೇ ಮುಂಗಡಕ್ಕೆ ಅವರು ಕೇಕ್ ಒಯ್ದರು. ಆ ಸ್ಪಂಜ್ ಖರ್ಚು ನನ್ನ ತಲೆಗೇ ಬಂತು, ಬರಲಿ ಅಂತಲೇ ಬರೆದದ್ದು.

ಹಾಳೆಗೆ ಯಾರೂ ಸಹಿ ಹಾಕುವುದಿಲ್ಲ. ಸಹಿ ಕೇಳಿದರೆ ಮುಖ ಸಿಂಡರಿಸುತ್ತಾರೆ. ತಾರೀಖು ತುಂಬಿದ ಚೀಟಿಯ ಫೋಟೋ ವಾಟ್ಸಾಪ್‌ಗೆ ಹಾಕುತ್ತೇನೆ, 'ಸರಿ' ಅಂತ ಉತ್ತರ ಬಂದ ಮೇಲೆ ಯುಪಿಐ ಕ್ಯೂಆರ್ ಕಳಿಸುತ್ತೇನೆ. ಈ ಕ್ರಮ ತಪ್ಪಿಸುವುದಿಲ್ಲ. ದುಡ್ಡು ಮೊದಲು ಬಂದು ಷರತ್ತು ಆಮೇಲೆ ಹೋದರೆ, ನೀವು ಮೊದಲೇ ಹೇಳಲಿಲ್ಲವಲ್ಲ ಅನ್ನುತ್ತಾರೆ. ಅದೂ ಸರಿಯೇ.

ಇನ್ನೊಂದು ಬದಲಾವಣೆ: ದರ ಮತ್ತು ಷರತ್ತು ಒಂದೇ ಹಾಳೆಯಲ್ಲಿ ಬೇಡ. ಬೆಣ್ಣೆ, ಕ್ರೀಮ್ ರೇಟು ಏರಿದಾಗ ದರ ಬದಲಾಗುತ್ತದೆ, ಷರತ್ತು ಹಾಗೇ ಇರುತ್ತದೆ. ಹೋದ ವರ್ಷದ ಪಟ್ಟಿಯ ಫೋಟೋ ಹಿಡಿದು ಅದೇ ದರಕ್ಕೆ ಕೊಡ್ರಿ ಅಂದವರು ಮೂವರು. ಈಗ ಎ4 ಹಾಳೆ ಅರ್ಧ ಮಾಡಿ ಎರಡು ಚೀಟಿ. ದರದ ಚೀಟಿಯ ತಲೆಯಲ್ಲೇ ಯಾವ ತಾರೀಖಿನವರೆಗೆ ಈ ದರ ಅಂತ ದಪ್ಪಕ್ಷರದಲ್ಲಿದೆ. ಟೆಂಪ್ಲೇಟ್‌ನ ಕಡುಗುಲಾಬಿ ಹಿನ್ನೆಲೆಯನ್ನೂ ಬಿಳಿ ಮಾಡಿದೆ. ಸುಮ್ನೆ ಇಂಕ್ ಕುಡಿಯುತ್ತಿತ್ತು, ಮೇಲೆ ಪೆನ್ನಲ್ಲಿ ಬರೆದದ್ದು ಕಾಣುತ್ತಿರಲಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟ್ ಒದ್ದೆ ಕೈ ತಾಗಿದರೆ ಹರಡುತ್ತದೆ, ಅದಕ್ಕೆ ಈಗ ಅಂಗಡಿಯಲ್ಲಿ ಲೇಸರ್ ಪ್ರಿಂಟ್.

ಐದಕ್ಕೆ ಮೂರು ಕೊಡುತ್ತೇನೆ. ಸಾಲು, ಕಾಲಂ, ಅಂದ ಎಲ್ಲ ಚೆನ್ನಾಗಿದೆ, ಎಲ್ಲ ಅಕ್ಷರ ತಿದ್ದಲು ಬರುತ್ತದೆ. ತಗೊಳ್ಳುವ ಮುಂಚೆ ಮಾರುವವರನ್ನು ಅದೊಂದು ಕೇಳಿ, ಕೆಲವು ಟೆಂಪ್ಲೇಟ್‌ಗಳಲ್ಲಿ ಷರತ್ತಿನ ಭಾಗ ಚಿತ್ರವಾಗಿರುತ್ತದೆ, ತಿದ್ದಲಾಗುವುದಿಲ್ಲ. ಮುಂದಿನ ಪ್ರಿಂಟ್‌ಗೆ ರದ್ದತಿಯ ಮೂರು ಸಾಲನ್ನು ತೆಲುಗಿನಲ್ಲೂ ಹಾಕಿಸಬೇಕು. ನನ್ನ ಗಿರಾಕಿಗಳಲ್ಲಿ ತೆಲುಗು ಮಾತಾಡುವವರೂ ಜಾಸ್ತಿ. ಪಕ್ಕದ ಮನೆ ಅತ್ತೆಯಿಂದ ಬರೆಸಿ ಇಟ್ಟುಕೊಂಡಿದ್ದೇನೆ.