ನಕಲಿ ಪೇಮೆಂಟ್ ಸ್ಕ್ರೀನ್‌ಶಾಟ್: ಫಾಂಟ್, ಅಂತರ, ದಿನಾಂಕ – ಯಾವುದನ್ನು ನಂಬಲಿ?

ವಾಟ್ಸ್ಆ್ಯಪ್‌ನಲ್ಲಿ ಇಳಕಲ್ ಸೀರೆ ಮಾರುತ್ತೇನೆ. "ದುಡ್ಡು ಹಾಕೇನ್ರಿ, ನೋಡ್ರಿ" ಅಂತ ಸ್ಕ್ರೀನ್‌ಶಾಟ್ ಬರುವುದು ದಿನದ ಮಾತು. ಅದು ಅಸಲಿಯೋ ತಿದ್ದಿದ್ದೋ ಅಂತ ತಿಳಿಯಲು ಮೂರು ದಾರಿಯನ್ನೂ ಬಳಸಿದ್ದೇನೆ. ನನ್ನ ಮತ ದಿನಾಂಕಕ್ಕೆ, ಅದರಲ್ಲೂ ಪ್ರತಿ ಪಾವತಿಗೂ ಗುರುತಾಗಿ ಸಿಗುವ ಯುಟಿಆರ್ ಸಂಖ್ಯೆಗೆ.

ಎಲ್ಲರೂ ಮೊದಲು ಫಾಂಟ್ ನೋಡು ಅನ್ನುತ್ತಾರೆ. ನನಗೆ ಹೆಚ್ಚು ಕಾಟ ಕೊಟ್ಟಿದ್ದೂ ಅದೇ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಅಕ್ಷರದ ಅಂಚೆಲ್ಲ ಮಸುಕಾಗುತ್ತದೆ. ಝೂಮ್ ಮಾಡಿದರೆ ಅಸಲಿ ಅಂಕಿಯೂ ಅಂಟಿಸಿದಂತೆ ಕಾಣುತ್ತದೆ. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಮಸುಕಿನ ತಾಪತ್ರಯ ಕಮ್ಮಿ. ಇನ್ನೊಂದು ತೊಡಕು: ಕೆಲವು ಫೋನುಗಳಲ್ಲಿ ಜನ ಫಾಂಟನ್ನೇ ಬದಲಿಸಿಕೊಂಡಿರುತ್ತಾರೆ. ಹಾಗಾಗಿ ನನ್ನ ಫೋನಿನ ಚಿತ್ರದ ಜೊತೆ ಹೋಲಿಸುವುದು ಬಿಟ್ಟಿದ್ದೇನೆ. ಅದೇ ಚಿತ್ರದೊಳಗಿನ ಒಂದೇ ಸಾಲಿನ ಎರಡು "2" ಅಥವಾ ಎರಡು "0" ಒಂದೇ ಥರ ಇವೆಯಾ, ಅಷ್ಟು ನೋಡುತ್ತೇನೆ.

ಅಂತರ ಇದಕ್ಕಿಂತ ವಾಸಿ. ಆ್ಯಪ್ ಮೊತ್ತವನ್ನು ನಡುವೆ ಕೂರಿಸುವಂಥದ್ದಾದರೆ, ಅಂಕಿ ಹೆಚ್ಚಿದಂತೆ ಎರಡೂ ಬದಿಯ ಜಾಗ ಸಮವಾಗಿ ಕಮ್ಮಿಯಾಗಬೇಕು. ತಿದ್ದುವವರು ಬಲಕ್ಕೆ ಅಂಕಿ ಸೇರಿಸಿ ಸುಮ್ಮನಾಗುತ್ತಾರೆ.

ದಿನಾಂಕದ ವಿಷಯ ಒಂದು ಪ್ರಸಂಗದಿಂದಲೇ ಹೇಳುತ್ತೇನೆ. 14 ಮಾರ್ಚ್ 2025ರ ₹4,200 ಪಾವತಿ ಅಂತ ಚಿತ್ರ ಬಂತು. ಮೇಲಿನ ಗಂಟೆ ತೋರಿಸುವ ಪಟ್ಟಿ ಕತ್ತರಿಸಿತ್ತು. ಅದಿದ್ದಿದ್ದರೆ ಪಾವತಿಯ ಸಮಯಕ್ಕಿಂತ ಫೋನಿನ ಗಂಟೆ ಹಿಂದಿದೆಯಾ ಅಂತ ನೋಡುತ್ತಿದ್ದೆ. ಮುಂದಿದ್ದರೆ ತಪ್ಪಲ್ಲ, ಆಮೇಲೆ ತೆಗೆದಿರಬಹುದು. ಉಳಿದಿದ್ದು 12 ಅಂಕಿಯ ಯುಟಿಆರ್. ಯುಪಿಐನಲ್ಲಿ ಸಾಮಾನ್ಯವಾಗಿ ಇದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ವರ್ಷದ ಎಷ್ಟನೇ ದಿನ ಅನ್ನೋದು. ಮಾರ್ಚ್ 14 ಅಂದರೆ 31+28+14, 73ನೇ ದಿನ. ಸಂಖ್ಯೆ 5073 ಅಂತ ಶುರುವಾಗಬೇಕಿತ್ತು. ಅಲ್ಲಿದ್ದದ್ದು 4301: ಅಂದರೆ 2024ರ 301ನೇ ದಿನ, ಅಕ್ಟೋಬರ್ 27. ಹಳೆಯ ಚಿತ್ರದ ದಿನಾಂಕ ಮತ್ತು ಮೊತ್ತ ತಿದ್ದಿದ್ದರು, ಸಂಖ್ಯೆ ಮುಟ್ಟಿರಲಿಲ್ಲ. ಮೊತ್ತವೂ ಬಲಕ್ಕೆ ವಾಲಿತ್ತು. ಪಾರ್ಸಲ್ ಕಟ್ಟಲಿಲ್ಲ, ಖಾತೆಗೆ ದುಡ್ಡೂ ಬರಲಿಲ್ಲ.

ಈ ಲೆಕ್ಕಕ್ಕೂ ಮಿತಿ ಇದೆ. ನಡುರಾತ್ರಿಯ ಆಸುಪಾಸು ಒಂದು ದಿನ ಆಚೀಚೆ ಆಗಬಹುದು, ಎಲ್ಲ ಸಂಖ್ಯೆಯೂ ಈ ಕ್ರಮದಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. ತಾಳೆಯಾದರೂ ಸರಿಯಾದ ಸಂಖ್ಯೆ ಬರೆದು ಮೋಸ ಮಾಡಬಹುದು. ಹಾಗಾಗಿ ತಾಳೆಯಾಗದಿದ್ದರೆ ಅನುಮಾನ, ತಾಳೆಯಾದರೆ ಬ್ಯಾಂಕ್ ಖಾತೆ ತೆರೆದು ಅದೇ ಯುಟಿಆರ್ ಹುಡುಕುತ್ತೇನೆ.

ದಿನಕ್ಕೆ ಹತ್ತಾರು ಆರ್ಡರ್ ನೋಡುವ, ಯಾವ ಆ್ಯಪಿಗೂ ದುಡ್ಡು ಕಟ್ಟದ ನನಗೆ ಮೊದಲ ಪರೀಕ್ಷೆಗೆ ಕ್ಯಾಲೆಂಡರ್ ಮತ್ತು ಈ ನಾಲ್ಕು ಅಂಕಿ ಸಾಕು. ನಿಮಗೆ ಒಂದೋ ಎರಡೋ ಪಾವತಿ ಬರುವುದಾದರೆ ಚಿತ್ರ ನೋಡುವ ಬದಲು ನೇರ ಪಾಸ್‌ಬುಕ್ಕೇ ತೆರೆಯಿರಿ.