ಸಿಂಕ್ ಕೆಳಗಿನ ಏರ್ ವಾಲ್ವ್: ಎರಡು ವರ್ಷ ಬಳಸಿದ ಮೇಲೆ

ಮೊದಲ ತಿಂಗಳು ಇದಕ್ಕೆ ಐದು ಸ್ಟಾರ್ ಕೊಟ್ಟಿದ್ದೆ. ಮೂರನೇ ತಿಂಗಳು ಒಂದಕ್ಕೆ ಇಳಿಸಿದೆ. ಈಗ ನಾಲ್ಕು. ಈ ಏರಿಳಿತದಲ್ಲಿ ವಾಲ್ವ್‌ನ ತಪ್ಪು ಕಡಿಮೆ, ನನ್ನ ಪೈಪಿನದೇ ಜಾಸ್ತಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟ್. ಅಡುಗೆಮನೆ ಮಾಡ್ಯುಲರ್ ಮಾಡಿಸುವಾಗ ಸಿಂಕನ್ನು ಕಿಟಕಿ ಕೆಳಗೆ ತಂದೆವು. ಪಾತ್ರೆ ತೊಳೆಯುತ್ತಾ ಹೊರಗಿನ ಸಂಪಿಗೆ ಮರ ನೋಡಬೇಕು ಅಂತ ಅಮ್ಮನ ಆಸೆ. ಮರ ಕಾಣಿಸಿತು ಸರಿ, ಆದರೆ ನೀರು ಇಳಿಯುವ ದೊಡ್ಡ ಪೈಪ್ ಹದಿನಾಲ್ಕು ಅಡಿ ದೂರದ ಡಕ್ಟ್‌ನಲ್ಲೇ ಉಳಿಯಿತು. ಅಲ್ಲಿವರೆಗೆ ಒಂದೂವರೆ ಇಂಚಿನ ಪೈಪನ್ನು ಕ್ಯಾಬಿನೆಟ್ ಹಿಂದೆ, ನೆಲದ ಹತ್ತಿರ, ಸಪಾಟಾಗಿ ಎಳೆದಿದ್ದರು. ಮೂಲೆಯಲ್ಲಿ ಒಂದು ಪಿಲ್ಲರ್ ಉಬ್ಬಿಕೊಂಡಿದೆ. ಅದನ್ನು ಸುತ್ತಿ ಹೋಗಲು ಮೂರು ಎಲ್ಬೋ.

ಒಂದೇ ವಾರಕ್ಕೆ ಸಂಗೀತ ಶುರುವಾಯಿತು. ಸಿಂಕ್ ತುಂಬ ನೀರು ಬಿಟ್ಟರೆ ಕೊನೆಯಲ್ಲಿ ಗೊಳ್ ಗೊಳ್ ಗೊಳ್. ರಾತ್ರಿ ಆಗುವಷ್ಟರಲ್ಲಿ ಚರಂಡಿ ವಾಸನೆ. ಉದ್ದನೆಯ ಪೈಪ್ ತುಂಬಿ ಹರಿಯುವಾಗ ನೀರು ತನ್ನ ಹಿಂದಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಬೇರೆ ಕಡೆಯಿಂದ ಗಾಳಿ ಸಿಗದಿದ್ದರೆ ಸಿಂಕ್ ಕೆಳಗಿನ ಬಾಗಿದ ಪೈಪ್, ಅಂದರೆ ಟ್ರ್ಯಾಪಿನಲ್ಲಿ ನಿಲ್ಲಬೇಕಾದ ನೀರನ್ನೂ ಹೀರಿಕೊಳ್ಳುತ್ತದೆ. ಆ ನೀರು ಹೋದ ಮೇಲೆ ವಾಸನೆಗೆ ಅಡ್ಡ ಯಾರೂ ಇಲ್ಲ.

ಏರ್ ಅಡ್ಮಿಟೆನ್ಸ್ ವಾಲ್ವ್ ಇರುವುದೇ ಇದಕ್ಕೆ. ಒಳಗೆ ಒಂದು ರಬ್ಬರ್ ತಟ್ಟೆ, ಅಷ್ಟೆ. ಪೈಪ್ ಹೀರಿದಾಗ ತಟ್ಟೆ ಎದ್ದು ಮನೆಯೊಳಗಿನ ಗಾಳಿ ಬಿಡುತ್ತದೆ. ಹೀರುವುದು ನಿಂತರೆ ತನ್ನ ಭಾರಕ್ಕೆ ಕೂತು ಮುಚ್ಚಿಕೊಳ್ಳುತ್ತದೆ. ಟ್ರ್ಯಾಪ್ ದಾಟಿದ ಮೇಲೆ ಮೂರು ಬಾಯಿಯ ಒಂದು ಟೀ ಜಾಯಿಂಟ್ ಹಾಕಿ, ಅದರ ಮೇಲೆ ನೆಟ್ಟಗೆ ಕೂರಿಸಬೇಕು. ಕೂರಿಸಿದ ದಿನವೇ ಗೊಳಗೊಳ ನಿಂತಿತು, ಮರುದಿನ ವಾಸನೆಯೂ ಇಲ್ಲ. ಸಾವಿರ ಚಿಲ್ಲರೆ ರೂಪಾಯಿಗೆ ಇನ್ನೇನು ಬೇಕು ಅಂದುಕೊಂಡೆ. ಐದು ಸ್ಟಾರ್ ಆಗಿನದು.

ಆಮೇಲೆ ನೀರು ನಿಧಾನವಾಯಿತು. ನಮ್ಮನೆಯಲ್ಲಿ ಭಾನುವಾರ ದೋಸೆ. ಹಿಟ್ಟಿನ ಪಾತ್ರೆಗೆ ನೀರು ಹಾಕಿ, ಕೈಯಲ್ಲಿ ಕದಡಿ, ಒಂದೇ ಸಲ ಸಿಂಕಿಗೆ ಸುರಿಯುವುದು ಅಮ್ಮನ ಪದ್ಧತಿ. ಮುದ್ದೆ ಪಾತ್ರೆಯೂ ಹಾಗೇ. ಎರಡು ತಿಂಗಳಲ್ಲಿ ಸಿಂಕ್ ಖಾಲಿಯಾಗಲು ಮೂರು ನಿಮಿಷ ಬೇಕಾಯಿತು. ನಾನು ವಾಲ್ವನ್ನೇ ಬೈದು, ಸ್ಟಾರ್ ಕಿತ್ತುಕೊಂಡೆ. ರಾತ್ರಿ ಸೋಡಾ ಪುಡಿ, ಬಿಸಿನೀರು ಸುರಿಯುವ ಪೂಜೆ ಶುರುವಾಯಿತು. ಎರಡು ದಿನ ಸರಿಹೋಗುತ್ತಿತ್ತು, ಮತ್ತೆ ಅದೇ ಕಥೆ.

ಬಂದ ಪ್ಲಂಬರ್ ಸಿಂಕ್ ತುಂಬ ನೀರು ಹಿಡಿದು, ಸುತ್ತ ಬಟ್ಟೆ ಸುತ್ತಿ, ವಾಲ್ವನ್ನು ತಿರುಗಿಸಿ ತೆಗೆದುಬಿಟ್ಟರು. "ಈಗ ಬಿಡಿ ಸಾರ್ ನೀರು" ಅಂದರು. ಆ ತೂತಿನಿಂದ ಉಸ್ ಅಂತ ಗಾಳಿ ಹೊರಗೆ ಬಂತು, ಸಿಂಕ್ ಮೊದಲಿಗಿಂತ ಎಷ್ಟೋ ಬೇಗ ಇಳಿಯಿತು. "ವಾಲ್ವ್ ಕೆಟ್ಟಿದೆಯಾ?" ಅಂದೆ. "ಚೆನ್ನಾಗಿದೆ. ಅದು ಗಾಳಿ ಒಳಗೆ ಬಿಡುತ್ತೆ, ಹೊರಗೆ ಬಿಡಲ್ಲ. ಮುಂದೆ ಎಲ್ಲೋ ನೀರು ನಿಂತಿದೆ, ಅದಕ್ಕೂ ಟ್ರ್ಯಾಪಿಗೂ ಮಧ್ಯ ಗಾಳಿ ಸಿಕ್ಕಾಕೊಂಡಿದೆ."

ಇದು ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಛಾವಣಿವರೆಗೆ ಹೋಗುವ ತೆರೆದ ವೆಂಟ್ ಪೈಪ್ ಆಗಿದ್ದರೆ ಆ ಗಾಳಿ ಮೇಲೆ ಹೋಗುತ್ತಿತ್ತು. ಈ ವಾಲ್ವ್ ಬಾಗಿಲು ಒಂದೇ ಕಡೆಗೆ. ನೀವು ಈ ಪರೀಕ್ಷೆ ಮಾಡುವುದಾದರೆ ಕೆಳಗೆ ಬಕೆಟ್ ಇಟ್ಟುಕೊಳ್ಳಿ. ಪೈಪ್ ಪೂರ್ತಿ ಕಟ್ಟಿದ್ದರೆ ಗಾಳಿ ಬದಲು ನೀರೇ ಉಕ್ಕುತ್ತದೆ.

ಮುಂದಿನ ಕೆಲಸ ಇಳಿಜಾರು ಅಳೆಯುವುದು. ಕೆಳಗಿನ ಡ್ರಾಯರ್‌ಗಳನ್ನು ಕಳಚಿ, ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಗೋಡೆ ಮೇಲೆ ಒಂದೇ ಮಟ್ಟದ ಗೆರೆ ಹಾಕಿದೆವು. ನೆಲದಿಂದ ಅಳೆದರೆ ಮೋಸ, ನೆಲಕ್ಕೇ ಒಂದು ಇಳಿಜಾರು ಇರುತ್ತದೆ. ಗೆರೆಯಿಂದ ಪೈಪಿಗೆ ಸಿಂಕಿನ ಹತ್ತಿರ 20 ಇಂಚು, ಡಕ್ಟ್ ಹತ್ತಿರ 21. ಅಂದರೆ ಹದಿನಾಲ್ಕು ಅಡಿಗೆ ಬರೀ ಒಂದಿಂಚು ಇಳಿತ. ಅಡಿಗೆ ಕಾಲು ಇಂಚು ಅಂತ ಲೆಕ್ಕ ಹಿಡಿದರೆ ಮೂರೂವರೆ ಇಂಚು ಬೇಕಿತ್ತು. ಅದಕ್ಕಿಂತ ಕೆಟ್ಟ ಸುದ್ದಿ ಮಧ್ಯದಲ್ಲಿತ್ತು: ಅಲ್ಲಿ 21 ಮುಕ್ಕಾಲು! ಕ್ಲ್ಯಾಂಪ್‌ಗಳು ಐದೈದು ಅಡಿಗೊಂದು ಇದ್ದದ್ದರಿಂದ ಪೈಪ್ ಹೊಟ್ಟೆ ಬಿಟ್ಟಿತ್ತು. ಆ ಹೊಟ್ಟೆಯಿಂದ ಡಕ್ಟಿಗೆ ಹೋಗಲು ನೀರು ಮುಕ್ಕಾಲು ಇಂಚು ಹತ್ತಬೇಕು. ಸದಾ ಅಲ್ಲಿ ಅರ್ಧ ಪೈಪ್ ನೀರು.

ಕತ್ತರಿಸಿ ನೋಡಿದಾಗ ಅಡಿಯಲ್ಲಿ ಹಿಟ್ಟಿನ ಕೆಸರು, ಮೇಲುಗಡೆ ಮೇಣದ ಹಾಗೆ ಎಣ್ಣೆ ಜಿಡ್ಡು. ನಡುವೆ ಒಂದು ಬೆರಳು ಹೋಗುವಷ್ಟು ದಾರಿ. ಅಮ್ಮ ನೋಡಿ, "ಇಷ್ಟೊಂದು ಹಿಟ್ಟು ನಾನು ಚೆಲ್ಲಿದ್ದಾ?" ಅಂತ ಮುಖ ಸಣ್ಣ ಮಾಡಿಕೊಂಡರು. ಆ ವಾರದಿಂದ ಪಾತ್ರೆ ಬಳಿದ ಹಿಟ್ಟಲ್ಲಿ ಕೊನೆಯದೊಂದು ಪುಟ್ಟ ದೋಸೆ ಬರುತ್ತಿದೆ. ಅದು ಯಾವಾಗಲೂ ನನಗೇ.

ಡಕ್ಟಿನ ಕಡೆಯ ತೂತು ಅಲುಗಿಸುವ ಹಾಗಿರಲಿಲ್ಲ. ಹಾಗಾಗಿ ಸಿಂಕಿನ ತುದಿಯನ್ನೇ ಎರಡೂವರೆ ಇಂಚು ಏರಿಸಿದೆವು. ಪೈಪ್ ಎರಡು ಇಂಚಿನದಾಯಿತು, ಕ್ಲ್ಯಾಂಪ್ ಎರಡಡಿಗೊಂದು. ಪಿಲ್ಲರ್ ಸುತ್ತುವ ಮೂರು ಎಲ್ಬೋ ತೆಗೆದು, ಮೂಲೆಯ ಕ್ಯಾಬಿನೆಟ್‌ನ ಹಿಂದೆ ಕೈಯೇ ಹೋಗದ ಆ ವ್ಯರ್ಥ ಜಾಗದಲ್ಲಿ ಓರೆಯಾಗಿ ದಾಟಿಸಿದೆವು. 45 ಡಿಗ್ರಿಯ ಎರಡು ಬೆಂಡ್ ಸಾಕಾಯಿತು. ಬೆಂಡಿನ ಹತ್ತಿರ ಬಿಚ್ಚಿ ಕ್ಲೀನ್ ಮಾಡಲು ಒಂದು ಮುಚ್ಚಳ. ಪೈಪಿಗೆ ದಾರಿ ಬಿಡಲು ಎರಡು ಡ್ರಾಯರ್‌ಗಳ ಹಿಂಭಾಗ ಕತ್ತರಿಸಬೇಕಾಯಿತು. ಬಡಗಿ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ವಾಲ್ವಿನ ಆರು ಪಟ್ಟು ದುಡ್ಡು ಇದಕ್ಕೇ ಹೋಯಿತು. ಸಿಂಕ್ ಈಗ ಮುಕ್ಕಾಲು ನಿಮಿಷದೊಳಗೆ ಖಾಲಿ.

ವಾಲ್ವ್ ಮಾತ್ರ ಹಳೆಯದೇ ಇದೆ. ಒಂದೂವರೆ ವರ್ಷ ಆದ ಮೇಲೆ ಒಮ್ಮೆ ಸಣ್ಣಗೆ ವಾಸನೆ ಬಂತು. ತೆಗೆದು ನೋಡಿದರೆ ರಬ್ಬರ್ ಅಂಚಿಗೆ ಬಿಳಿ ಜಿಡ್ಡು ಹತ್ತಿ, ತಟ್ಟೆ ಸರಿಯಾಗಿ ಕೂರುತ್ತಿರಲಿಲ್ಲ. ನಾನು ಅದನ್ನು ಪೈಪಿನಿಂದ ಮೂರೇ ಇಂಚು ಮೇಲೆ ಕೂರಿಸಿದ್ದೆ. ನೀರು ಕಟ್ಟಿದ್ದ ಕಾಲದಲ್ಲಿ ಕೊಳೆ ನೀರು ಅದರವರೆಗೂ ಏರಿದ್ದಿರಬೇಕು. ಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ಒಂದು ತುಂಡು ಪೈಪ್ ಸೇರಿಸಿ, ಅಡುಗೆ ಕಟ್ಟೆಯ ಕಲ್ಲಿನ ಕೆಳಗೆ ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ಎತ್ತರಕ್ಕೆ ಕೂರಿಸಿದೆ. ಕನಿಷ್ಠ ನಾಲ್ಕು ಇಂಚು ಬೇಕು, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಕೈಗೆ ಸಿಗುವ ಜಾಗವೂ ಆಗಿರಬೇಕು, ಗೋಡೆಯೊಳಗೆ ಮುಚ್ಚಿಬಿಟ್ಟರೆ ಗಾಳಿಯೂ ಇಲ್ಲ, ತೊಳೆಯುವುದೂ ಇಲ್ಲ.

ಗೊಳಗೊಳ ಮತ್ತು ವಾಸನೆಗೆ ಕೊಳ್ಳುವುದಾದರೆ ಧೈರ್ಯವಾಗಿ ಕೊಳ್ಳಿ. ನೀರು ನಿಧಾನ ಅಂತ ಕೊಳ್ಳುವುದಾದರೆ ಮೊದಲು ಲೆವೆಲ್ ಪೈಪ್ ಹಿಡಿಯಿರಿ. ಒಂದು ಸ್ಟಾರ್ ಕಡಿಮೆ ಮಾಡಿದ್ದು, ಗಾಳಿ ಹೊರಗೆ ಹೋಗುವುದಿಲ್ಲ ಅನ್ನುವ ಒಂದು ಸಾಲನ್ನು ಡಬ್ಬಿ ಮೇಲೆ ಹಾಕದಿದ್ದಕ್ಕೆ.