ಸವೆದ ಮಾತ್ರೆಯ ಫೋಟೋ: ದುಡ್ಡಿನ ಆಪ್, ಬಿಟ್ಟಿ ಆಪ್, ನಾನೇ ಬರೆದ ಸ್ಕ್ರಿಪ್ಟ್

ಮೊದ್ಲೇ ಹೇಳ್ಬಿಡ್ತೀನಿ, ಬಿಟ್ಟಿ ಆಪೇ ಗೆದ್ದಿದ್ದು. ತಿಂಗಳಿಗೆ ಐದು ಡಾಲರ್ ಚಿಲ್ಲರೆ ಕೀಳೋ ಆಪ್ ನೋಡೋಕೆ ಚೆಂದ, ಫೋಟೋ ಹೊಡೆದ್ರೆ ಒಂದೇ ಸೆಕೆಂಡಲ್ಲಿ ಮಾತ್ರೆ ಹೆಸರು ದೊಡ್ಡದಾಗಿ ಬರತ್ತೆ, ಪಕ್ಕದಲ್ಲಿ ಪರ್ಸೆಂಟೇಜ್ ಬೇರೆ. ಬಿಟ್ಟಿದು ಹಾಗಲ್ಲ, ಫೋಟೋ ನೋಡಿ ಮೂರು ಡಬ್ಬಿ ತುಂಬಿಸತ್ತೆ: ಬಣ್ಣ, ಆಕಾರ, ಮೇಲಿರೋ ಕೋಡ್. ಅದನ್ನ ನಾವು ತಿದ್ದಿ ಆಮೇಲೆ ಹುಡುಕಬೇಕು. ಒಂದು ಹೆಜ್ಜೆ ಜಾಸ್ತಿ, ನನಗೆ ಬೇಕಾಗಿದ್ದೂ ಆ ಹೆಜ್ಜೆನೇ.

ನಾವಿರೋದು ನ್ಯೂಜೆರ್ಸಿಲಿ, ಅಮ್ಮ ಮೈಸೂರಿಂದ ಬಂದು ನಮ್ಮ ಜೊತೆ ಇದಾರೆ. ಮಂಡಿನೋವಿಗೆ ಇಲ್ಲಿ ಡಾಕ್ಟರ್ ಮೊದ್ಲು ಐಬುಪ್ರೊಫೆನ್ 600 ಎಂಜಿ ಬರೆದ್ರು, ಆಮೇಲೆ 800ಕ್ಕೆ ಏರಿಸಿದ್ರು. ಅಮ್ಮ ಹಳೇದು ಹೊಸದು ಎಲ್ಲಾನೂ ಒಂದು ಜಿಪ್ ಪೌಚಿಗೆ ಹಾಕಿ ವ್ಯಾನಿಟಿ ಬ್ಯಾಗಲ್ಲಿ ಇಟ್ಕೊಂಡು ದೇವಸ್ಥಾನ, ವಾಕಿಂಗು, ಪಟೇಲ್ ಬ್ರದರ್ಸು ಅಂತ ಓಡಾಡ್ತಾರೆ. ಒಳಗೆ ಮಾತ್ರೆಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಪೌಚಿನ ತಳದಲ್ಲಿ ಬಿಳಿ ಪುಡಿ. ಇದರಲ್ಲಿ 600 ಯಾವುದು 800 ಯಾವುದು ಅಂತ ಗೊತ್ತಾಗ್ಬೇಕಿತ್ತು, ಅಷ್ಟೇ ವಿಷಯ.

ಅಮೆರಿಕದಲ್ಲಿ ಈ ಕೆಲಸ ಆಗೋದಕ್ಕೆ ಒಂದು ಕಾರಣ ಇದೆ. ಇಲ್ಲಿ ಔಷಧಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ನಿಯಮದ ಪ್ರಕಾರ ಹೆಚ್ಚುಕಡಿಮೆ ಪ್ರತಿ ಮಾತ್ರೆ, ಕ್ಯಾಪ್ಸೂಲ್ ಮೇಲೂ ಒಂದು ಕೋಡ್ ಇರಲೇಬೇಕು. ಆ ಕೋಡು, ಬಣ್ಣ, ಆಕಾರ ಸೇರಿದ್ರೆ ಕಂಪನಿ, ಔಷಧ, ಎಷ್ಟು ಎಂಜಿ ಮೂರೂ ಸಿಗತ್ತೆ. ಅಮ್ಮಂದು `IP 465` ಅಂದ್ರೆ 600 ಎಂಜಿ, `IP 466` ಅಂದ್ರೆ 800. ಇದೇ ಸಾಲಲ್ಲಿ `IP 464` ಅಂತ 400 ಎಂಜಿದೂ ಇದೆ, ಅದು ದುಂಡಗಿರತ್ತೆ. ಮೂರೂ ಬಿಳಿ. ಅಂದ್ರೆ ಬಣ್ಣದಿಂದ ಇಲ್ಲಿ ಮೂರು ಕಾಸಿನ ಉಪಯೋಗ ಇಲ್ಲ, ಆಕಾರದಿಂದ 464 ಪಕ್ಕಕ್ಕೆ ಹೋಗತ್ತೆ, ಉಳಿದ ಎರಡರ ಜಗಳ ಕೊನೇ ಅಂಕಿ ಮೇಲೆ ನಿಂತಿದೆ.

ಬಣ್ಣದ್ದು ಬೇಗ ಮುಗಿಸ್ತೀನಿ. ಇಲ್ಲಿನ ಔಷಧ ದಾಖಲೆಗಳಲ್ಲಿ ಬಣ್ಣಕ್ಕೆ ಇರೋದು 12 ಹೆಸರು ಮಾತ್ರ, ಕೆನೆ ಬಣ್ಣ, ತಿಳಿ ಗುಲಾಬಿ ಎಲ್ಲಾನೂ ಅದರೊಳಗೇ ತುರುಕಬೇಕು. ಅಡುಗೆಮನೆ ಹಳದಿ ಬಲ್ಬಿನ ಕೆಳಗೆ ಹೊಡೆದ ಬಿಳಿ ಮಾತ್ರೆ ಫೋಟೋದಲ್ಲಿ ಕೆನೆ ಬಣ್ಣಕ್ಕೆ ತಿರುಗತ್ತೆ, ದುಡ್ಡಿನ ಆಪ್ ಅದನ್ನ ಹಳದಿ ಅಂದ್ಕೊಂಡು ಬೇರೆ ಯಾವುದೋ ಔಷಧ ತೋರಿಸ್ತು. ಕಪ್ಪು ಬಟ್ಟೆ ಮೇಲೆ ಮಾತ್ರೆ ಇಟ್ಟು, ಫ್ರೇಮಿನ ಮೂಲೇಲಿ ಒಂದು ಚೂರು ಬಿಳಿ ಹಾಳೆ ಇಟ್ರೆ ಸಾಫ್ಟ್‌ವೇರಿಗೆ ಬಿಳಿ ಅಂದ್ರೆ ಯಾವುದು ಅಂತ ಅಳತೆ ಸಿಗತ್ತೆ. ಮಾತ್ರೆನೇ ಬಿಳಿ ಹಾಳೆ ಮೇಲೆ ಇಟ್ರೆ ಅಂಚೇ ಸಿಗಲ್ಲ, ಆಗ ಆಕಾರನೂ ಹೋಯ್ತು.

ಆಕಾರ: ಅಂಚಿನ ಗೆರೆ ಹಿಡಿದು ಉದ್ದ ಅಗಲ ಎಷ್ಟು, ಉದ್ದದ ಪಕ್ಕಗಳು ನೇರ ಇದ್ಯಾ ಬಾಗಿದ್ಯಾ ನೋಡತ್ತೆ. ನೇರ ಇದ್ರೆ ಕ್ಯಾಪ್ಸೂಲ್ ಆಕಾರ, ಬಾಗಿದ್ರೆ ಮೊಟ್ಟೆಯಾಕಾರ. ಫೋನ್ ಸ್ವಲ್ಪ ಓರೆ ಆದ್ರೂ ದುಂಡನೆ ಮಾತ್ರೆ ಮೊಟ್ಟೆ ಆಗತ್ತೆ, ನೆಟ್ಟಗೆ ಮೇಲಿಂದನೇ ಹೊಡೀಬೇಕು. 800 ಕ್ಯಾಪ್ಸೂಲ್ ಆಕಾರ, 600 ಮೊಟ್ಟೆಯಾಕಾರ, ಹೊಸದಾಗಿದ್ರೆ ಇದರಲ್ಲೇ ಗೊತ್ತಾಗ್ಬಿಡತ್ತೆ. ಆದ್ರೆ ಪೌಚಲ್ಲಿ ಸವೆದಿರೋ 800ರ ಮೂಲೆಗಳು ಉರುಟಾಗಿ, ಒಂದು ಕಡೆ ಪದರ ಚಕ್ಕೆ ಎದ್ದು, ನೇರ ಇರೋ ಪಕ್ಕನೂ ಬಾಗಿದ ಹಾಗೆ ಕಾಣತ್ತೆ.

ಈಗ ನಿಜವಾದ ತಲೆನೋವು, ಅಕ್ಷರ.

ಈ ಮಾತ್ರೆಗಳ ಮೇಲೆ ಶಾಯಿಲಿ ಪ್ರಿಂಟ್ ಮಾಡಿರಲ್ಲ, ಅಚ್ಚಲ್ಲಿ ಒಳಕ್ಕೆ ಒತ್ತಿರ್ತಾರೆ. ಅಕ್ಷರನೂ ಬಿಳಿ ಮಾತ್ರೆನೂ ಬಿಳಿ, ನಮಗೆ ಅಕ್ಷರ ಅಂತ ಕಾಣೋದು ಆ ಹಳ್ಳದೊಳಗೆ ಬೀಳೋ ನೆರಳು. ಅಕ್ಷರ ಓದೋ ಸಾಫ್ಟ್‌ವೇರುಗಳು ಕಲಿತಿರೋದು ಬಹುಪಾಲು ಬಿಳಿ ಹಾಳೆ ಮೇಲಿನ ಕಪ್ಪಕ್ಷರ, ಇಲ್ಲಿ ಅದಕ್ಕೆ ಸಿಗೋದು ಬೂದು ಮೇಲೆ ಬೂದು. ಮಾತ್ರೆ ಸವೆದಾಗ ಎರಡು ಕಡೆಯಿಂದ ಪೆಟ್ಟು: ಮೇಲ್ಮೈ ಸವೆದು ಹಳ್ಳದ ಆಳ ಕಡಿಮೆ ಆಗತ್ತೆ, ಜೊತೆಗೆ ಬೇರೆ ಮಾತ್ರೆಗಳ ಪುಡಿ ಹೋಗಿ ಆ ಹಳ್ಳನೇ ತುಂಬ್ಕೊಳ್ಳತ್ತೆ. ನೆರಳು ಹೋಯ್ತು ಅಂದ್ರೆ ಅಕ್ಷರ ಹೋಯ್ತು. 6ಕ್ಕೂ 5ಕ್ಕೂ ಇರೋ ವ್ಯತ್ಯಾಸ ಏನು ಅಂತ ಹತ್ರದಿಂದ ನೋಡಿ, ಎಡಗಡೆ ಕೆಳಗಿನ ಒಂದು ಚಿಕ್ಕ ಗೀಟು, ಅಷ್ಟೇ. ಅಮ್ಮನ ಒಂದು ಮಾತ್ರೇಲಿ ಸರಿಯಾಗಿ ಆ ಗೀಟಿನ ಜಾಗದಲ್ಲೇ ಪುಡಿ ಕೂತಿತ್ತು.

ದುಡ್ಡಿನ ಆಪ್ ಅದನ್ನ 600 ಎಂಜಿ ಅಂತು, 90ರ ಮೇಲೆ ಪರ್ಸೆಂಟ್. ಅದು ಅಕ್ಷರ ಏನು ಓದ್ತು ಅಂತ ಎಲ್ಲೂ ತೋರಿಸಲ್ಲ, ನನಗೆ ಸಿಟ್ಟು ಬಂದಿದ್ದು ಇಲ್ಲೇ. ಇಂಥ ಸಾಫ್ಟ್‌ವೇರ್ ಬಣ್ಣ, ಆಕಾರ, ಅಕ್ಷರ ಮೂರಕ್ಕೂ ಅಂಕ ಹಾಕಿ ಕೂಡಿಸಿ ತನ್ನ ಪಟ್ಟಿಯಲ್ಲಿರೋ ಮಾತ್ರೆಗಳಲ್ಲಿ ಯಾವುದು ಮುಂದೆ ಅಂತ ಸಾಲಾಗಿ ನಿಲ್ಲಿಸತ್ತೆ. ಅಕ್ಷರ ಅಳಿಸಿದ್ರೆ ಅದು ಸುಮ್ನೆ ಕೂರಲ್ಲ, ಉಳಿದ ಎರಡರ ಮೇಲೆ ಭಾರ ಹಾಕಿ ತೀರ್ಪು ಕೊಟ್ಬಿಡತ್ತೆ, ಆ ಉಳಿದ ಎರಡೇ ಕೈಲಾಗದವು, ಯಾಕಂದ್ರೆ ಬಿಳಿ ಮಾತ್ರೆ ಲೋಕದಲ್ಲಿ ಲೆಕ್ಕ ಇಲ್ಲದಷ್ಟಿದೆ. ಪರ್ಸೆಂಟೇಜ್ ಅಂದ್ರೆ ಪಟ್ಟಿಯಲ್ಲಿರೋ ಬೇರೆ ಮಾತ್ರೆಗಳಿಗಿಂತ ಇದು ಮುಂದಿದೆ ಅಂತ ಅಷ್ಟೇ ಅರ್ಥ, ನಿಜವಾಗ್ಲೂ ಇದೇ ಅಂತಲ್ಲ. ಪರೀಕ್ಷೆ ಮಾಡೋಣ ಅಂತ ಮೈಸೂರಿಂದ ತಂದಿದ್ದ, ಮೇಲೆ ಏನೂ ಬರೀದೇ ಇರೋ ಒಂದು ಬಿಳಿ ದುಂಡು ಮಾತ್ರೆ ತೋರಿಸ್ದೆ. ನಮ್ಮಲ್ಲಿ ಹೆಸರು ಸ್ಟ್ರಿಪ್ ಮೇಲೆ ಇರತ್ತೆ, ಬಿಡಿ ಮಾತ್ರೆ ಮೇಲೆ ಎಷ್ಟೋ ಸಲ ಒಂದು ಗೀರು ಬಿಟ್ರೆ ಏನೂ ಇರಲ್ಲ. ಅದು ಇವರ ಪಟ್ಟಿಯಲ್ಲಿ ಇರೋಕೇ ಸಾಧ್ಯ ಇಲ್ಲ, ಆದ್ರೂ ಆಪ್ ಧೈರ್ಯವಾಗಿ ಒಂದು ಅಮೆರಿಕದ ಮಾತ್ರೆ ಹೆಸರು ಹೇಳ್ತು.

ಬಿಟ್ಟಿ ಆಪಿಗೂ ಅಮ್ಮನ ಮಾತ್ರೆಯ ಅದೇ ಫೋಟೋ ಕೊಟ್ಟೆ. ಕೋಡ್ ಡಬ್ಬೀಲಿ `IP 46` ಅಂತ ಬಂತು, ಕೊನೇದು ಖಾಲಿ. ಇದು ಪ್ರಾಮಾಣಿಕತೆ ಅಂದ್ರೆ. ಹುಡುಕಿದ್ರೆ 464, 465, 466 ಮೂರೂ ಚಿತ್ರ ಸಮೇತ ಪಕ್ಕಪಕ್ಕ ಬಂತು, ಎಲ್ಲಿ ಅನುಮಾನ ಅಂತ ನನಗೇ ಕಾಣ್ತು. ಅಂದ್ಹಾಗೆ ಇದು ಹೆಚ್ಚು ಬುದ್ಧಿವಂತ ಆಪ್ ಅಂತೇನಲ್ಲ, ಓದೋ ತಾಕತ್ತು ಎರಡರದ್ದೂ ಹೆಚ್ಚುಕಡಿಮೆ ಒಂದೇ, ಇದು ತಾನು ಓದಿದ್ದನ್ನ ಮುಚ್ಚಿಡಲ್ಲ ಅಷ್ಟೇ.

ಇವು ಸವೆದ ಮಾತ್ರೆಗೆ ಯಾಕೆ ಮುಗ್ಗರಿಸ್ತವೆ ಅನ್ನೋದಕ್ಕೆ ಇನ್ನೊಂದು ಕಾರಣ ಅವು ಕಲಿತಿರೋ ಫೋಟೋಗಳು. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 2016ರಲ್ಲಿ ಒಂದು ಸ್ಪರ್ಧೆ ನಡೆಸಿತ್ತು, 1,000 ಮಾತ್ರೆ, ಅವುಗಳ ಹಿಂದೆ ಮುಂದೆ ಸೇರಿ 2,000 ಒಳ್ಳೇ ಸ್ಟುಡಿಯೋ ಚಿತ್ರ, ಜೊತೆಗೆ ಜನ ಫೋನಲ್ಲಿ ಹೊಡೆಯೋ ಥರದ 5,000 ಚಿತ್ರ. ಕಷ್ಟ ಇದ್ದಿದ್ದೇ ಈ ಎರಡನ್ನ ಹೊಂದಿಸೋದರಲ್ಲಿ. ಅಲ್ಲಿ ಬೆಳಕು, ಕೋನ ಬದಲಾಗಿದ್ದು ಸರಿ, ಆದ್ರೆ ವ್ಯಾನಿಟಿ ಬ್ಯಾಗಲ್ಲಿ ವಾರಗಟ್ಟಲೆ ಅಲೆದ ಮಾತ್ರೆ ಬೇರೇನೇ ಜಾತಿ. ಅದೇ ಸಂಸ್ಥೆಯ ಪಿಲ್‌ಬಾಕ್ಸ್ ಅನ್ನೋ ಹುಡುಕಾಟದ ಸೇವೆನ 2021ರ ಜನವರಿಲಿ ನಿಲ್ಲಿಸಿದ್ರು, ಆಮೇಲೆ ಬಂದ ಜನರಿಕ್ ಮಾತ್ರೆಗಳ ಚಿತ್ರ ಎಲ್ಲಿಂದ ತರ್ತಾರೆ ಅಂತ ಆಪಿನೋರನ್ನೇ ಕೇಳ್ಬೇಕು.

ಮೂರನೇದು ನನ್ನ ಸ್ಕ್ರಿಪ್ಟು. ವೀಕೆಂಡ್ ಚಟ, ದುಡ್ಡು ಖರ್ಚಿಲ್ಲ. ಮಾತ್ರೆ ಭಾಗ ಕತ್ತರಿಸಿ, ನೇರ ಮಾಡಿ, ಕಾಂಟ್ರಾಸ್ಟ್ ಏರಿಸಿ, ಕೊನೆಗೆ ಚಿತ್ರದಿಂದ ಅಕ್ಷರ ಓದೋ ಬಿಟ್ಟಿ ಸಾಫ್ಟ್‌ವೇರ್ ಟೆಸೆರಾಕ್ಟಿಗೆ ಕೊಡೋದು:

```
tesseract mathre.png stdout --psm 7 -c tessedit_char_whitelist=ABCDEFGHIJKLMNOPQRSTUVWXYZ0123456789
```

ಒಂದೇ ಸಾಲು ಇದೆ, ಇಂಗ್ಲಿಷ್ ದೊಡ್ಡಕ್ಷರ ಅಂಕಿ ಬಿಟ್ಟು ಬೇರೆ ಓದ್ಬೇಡ ಅಂತ ಹೇಳಿರೋದು. ಹೊಸ ಮಾತ್ರೆಗೆ ಪರವಾಗಿಲ್ಲ, ಸವೆದಿದ್ದಕ್ಕೆ ಕಸ ಕಕ್ಕತ್ತೆ. ಮಾತ್ರೆ ತಲೆಕೆಳಗಾಗಿದ್ರೆ 6 ಹೋಗಿ 9, ಆದ್ರಿಂದ ಎರಡೂ ದಿಕ್ಕಲ್ಲಿ ತಿರುಗಿಸಿ ಓದಿಸ್ಬೇಕು. ದಿನಾ ಬಳಸೋ ವಸ್ತು ಇದಲ್ಲ, ಆದ್ರೆ ಇದರಿಂದ ಒಂದು ವಿಷಯ ಕಲಿತೆ, ಅದು ಯಾವ ಆಪಿಗಾದ್ರೂ ಉಪಯೋಗಕ್ಕೆ ಬರತ್ತೆ.

ಫ್ಲ್ಯಾಶ್ ಹಾಕಲೇಬೇಡಿ, ನೇರ ಬೆಳಕು ಹಳ್ಳದ ನೆರಳನ್ನ ನುಂಗತ್ತೆ. ಕತ್ತಲೆ ಕೋಣೇಲಿ ಇನ್ನೊಂದು ಫೋನಿನ ಟಾರ್ಚನ್ನ ಮೇಜಿಗೆ ತಾಗೋಷ್ಟು ಕೆಳಗೆ ಹಿಡಿದು ಪಕ್ಕದಿಂದ ಬಿಡಿ. ಒಂದು ಕಡೆಯಿಂದ ಸಾಕಾಗಲ್ಲ, ಯಾಕಂದ್ರೆ ಬೆಳಕು ಬರೋ ದಿಕ್ಕಿಗೇ ಮಲಗಿರೋ ಗೀಟಿಗೆ ನೆರಳೇ ಬೀಳಲ್ಲ. 6ರ ಎಡಗಡೆ ಗೀಟು ಮೇಲಿಂದ ಕೆಳಕ್ಕೆ ಇದೆ, ಟಾರ್ಚ್ ಅಕ್ಷರದ ತಲೆ ಕಡೆಯಿಂದ ಬಿಟ್ರೆ ಆ ಗೀಟು ಮಾಯ ಆಗಿ 5 ಆಗತ್ತೆ, ಎಡದಿಂದನೋ ಬಲದಿಂದನೋ ಬಿಟ್ರೆ ವಾಪಸ್ ಬರತ್ತೆ. ಫೋನ್ ಅಲ್ಲಾಡಿಸ್ದೇ ನಾಲ್ಕೂ ಕಡೆಯಿಂದ ಒಂದೊಂದು ಫೋಟೋ, ಅದಕ್ಕೂ ಮೊದ್ಲು ಒಣ ಮೆತ್ತನೆ ಬ್ರಷ್ಷಲ್ಲಿ ಪುಡಿ ಸವರಿ. ನೀರು ತಾಗಿಸ್ಬೇಡಿ, ಮೇಲಿನ ಪದರ ಕರಗಿ ಇದ್ದಬದ್ದ ಅಕ್ಷರನೂ ಹೋಗತ್ತೆ. ಹೀಗೆ ಮಾಡಿದ ಮೇಲೆ ಅಮ್ಮನ ಆ ಮಾತ್ರೆ ಬಲಗಡೆ ಬೆಳಕಲ್ಲಿ `IP 466` ಅಂತ ಬಿಟ್ಟಿ ಆಪಲ್ಲೂ ಬಂತು. ಹೊಸ ಬಾಟಲಿಯ 800ನ್ನ ಪಕ್ಕದಲ್ಲಿಟ್ಟು ಉದ್ದ ನೋಡಿದ್ರೂ ಅದೇ. ದುಡ್ಡಿನ ಆಪ್ ಅದೇ ಹೊಸ ಫೋಟೋಗೆ ಸರಿ ಉತ್ತರ ಕೊಡ್ತು ಅನ್ನೋದನ್ನೂ ಹೇಳ್ಬೇಕು, ಪರ್ಸೆಂಟೇಜ್ ಮಾತ್ರ ಮೊದಲು ತಪ್ಪು ಹೇಳಿದಾಗ ಇದ್ದಷ್ಟೇ ಇತ್ತು!

ಹಾಗಾಗಿ ಚಂದಾ ಕ್ಯಾನ್ಸಲ್, ಬಿಟ್ಟಿ ಆಪ್ ಫೋನಲ್ಲಿ ಉಳೀತು. ಕಣ್ಣು ಮಂಜಾಗಿರೋರು, ಡಬ್ಬಿ ತುಂಬೋ ತಾಳ್ಮೆ ಇಲ್ಲದವರು, ಮಾತ್ರೆ ಯಾವಾಗ್ಲೂ ಬಾಟಲಲ್ಲೇ ಇಡೋರು, ಅಂಥವರಿಗೆ ದುಡ್ಡಿನದು ಸುಲಭ ಅನ್ನಿಸಬಹುದು. ಆದ್ರೆ ಮಾತ್ರೆ ಬಾಟಲಲ್ಲೇ ಇದ್ರೆ ಆಪೇ ಬೇಕಿಲ್ಲ, ಇಲ್ಲಿ ಎಷ್ಟೋ ಫಾರ್ಮಸಿಯೋರು ಬಾಟಲಿ ಲೇಬಲ್ ಮೇಲೇನೇ ಬಣ್ಣ, ಆಕಾರ, ಕೋಡ್ ಪ್ರಿಂಟ್ ಮಾಡಿರ್ತಾರೆ, ಒಂದ್ಸಲ ತಿರುಗಿಸಿ ನೋಡಿ.

ಮುರಿದು ಅರ್ಧ ಆಗಿರೋದು, ಕೋಡಿನ ಒಂದು ಅಕ್ಷರನೂ ಉಳಿದಿಲ್ಲದ್ದು ಪೌಚಲ್ಲಿ ಕೆಲವಿತ್ತು. ಅವುಗಳ ಫೋಟೋನೇ ಹೊಡೀಲಿಲ್ಲ, ಫಾರ್ಮಸಿಯ ಹಳೇ ಔಷಧ ಹಾಕೋ ಪೆಟ್ಟಿಗೆಗೆ ಹೋದ್ವು. ಅಮ್ಮಂಗೆ ಬೇಜಾರಾಯ್ತು, ದುಡ್ಡು ಕೊಟ್ಟು ತಂದಿದ್ದಲ್ವೇನೋ ಅಂದ್ರು. ಯಾರಾದ್ರೂ ಗೊತ್ತಿಲ್ಲದ ಮಾತ್ರೆ ನುಂಗೇಬಿಟ್ಟಿದ್ರೆ ಆಪ್ ತೆಗೀತಾ ಕೂರಬೇಡಿ, ಅಮೆರಿಕದಲ್ಲಿ ಪಾಯ್ಸನ್ ಹೆಲ್ಪ್ ನಂಬರ್ 1-800-222-1222, ರಾತ್ರಿ ಹಗಲು ಎತ್ತುತ್ತಾರೆ. ಎಚ್ಚರ ತಪ್ಪಿದ್ರೆ, ಉಸಿರಾಟಕ್ಕೆ ತೊಂದ್ರೆ ಆದ್ರೆ ನೇರ 911.